ಖಿನ್ನತೆಗೆ ರಜೆ ಹಾಕಿದವರನ್ನು ಕೆಲಸದಿಂದ ತೆಗೆಯಬಹುದೇ?

ಪ್ರಶ್ನೆ: ನಾನು ಬೆಂಗಳೂರಿನ ಖಾಸಗಿ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಆರು ವರ್ಷಗಳಿಂದ ಟೆಸ್ಟಿಂಗ್ ಎಂಜಿನಿಯರ್ ಆಗಿದ್ದೇನೆ. ತೀವ್ರ ಖಿನ್ನತೆ ಇದೆ ಎಂದು ಮನೋವೈದ್ಯರು ಮೊದಲು ಆರು ವಾರ, ಆಮೇಲೆ ಮತ್ತೆ ಆರು ವಾರ ವಿಶ್ರಾಂತಿ ಬರೆದುಕೊಟ್ಟರು. ಮೊದಲ ಸರ್ಟಿಫಿಕೇಟನ್ನು ಕಂಪನಿಯ ರಜೆ ಪೋರ್ಟಲ್‌ನಲ್ಲಿ ಹಾಕಿದ್ದೆ, ಎರಡನೆಯದನ್ನು ಮ್ಯಾನೇಜರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ. ಈಗ ಎಚ್‌ಆರ್ ವಿಭಾಗದಿಂದ ಇಮೇಲ್ ಬಂದಿದೆ. ಏಳು ದಿನಗಳಲ್ಲಿ ಹಾಜರಾಗದಿದ್ದರೆ ಕೆಲಸ ಬಿಟ್ಟುಹೋದಂತೆ ಪರಿಗಣಿಸುತ್ತಾರಂತೆ. ಮ್ಯಾನೇಜರ್ ಫೋನ್ ಮಾಡಿ, "ನೀವೇ ರಾಜೀನಾಮೆ ಕೊಡಿ, ಎರಡು ತಿಂಗಳ ಸಂಬಳ ಮತ್ತು ರಿಲೀವಿಂಗ್ ಲೆಟರ್ ಕೊಡಿಸುತ್ತೇನೆ" ಎಂದರು. ವೈದ್ಯಕೀಯ ರಜೆಯಲ್ಲಿರುವವರನ್ನು ಯಾರೂ ತೆಗೆಯುವಂತಿಲ್ಲ ಎನ್ನುತ್ತಾರೆ ಸ್ನೇಹಿತರು. ಖಾಸಗಿಯವರು ನೋಟಿಸ್ ಕೊಟ್ಟು ಯಾರನ್ನು ಬೇಕಾದರೂ ತೆಗೆಯಬಹುದು ಎನ್ನುತ್ತಾನೆ ಅಣ್ಣ. ಯಾವುದು ನಿಜ? ಕಾಯಿಲೆಯ ಹೆಸರನ್ನು ಕಂಪನಿಗೆ ಹೇಳಲೇಬೇಕೇ?

ಉತ್ತರ: ಕಾನೂನಿನ ಮಾತು ಆಮೇಲೆ. ಆ ಏಳು ದಿನಗಳಲ್ಲಿ ಎಷ್ಟು ಉಳಿದಿವೆಯೋ ಅಷ್ಟರೊಳಗೆ ಎಚ್‌ಆರ್ ಇಮೇಲಿಗೆ ಇಮೇಲ್ ಮೂಲಕವೇ ಉತ್ತರ ಕೊಡಿ, ಎರಡನೆಯ ಸರ್ಟಿಫಿಕೇಟನ್ನು ಅದಕ್ಕೆ ಲಗತ್ತಿಸಿ. ಅಲ್ಲಿಯವರೆಗೆ ರಾಜೀನಾಮೆಯ ಬಗ್ಗೆ ಹೌದು ಎಂದೂ ಹೇಳಬೇಡಿ, ಇಲ್ಲ ಎಂದೂ ಹೇಳಬೇಡಿ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಆತಂಕ ತಂದದ್ದು ಖಿನ್ನತೆಯೂ ಅಲ್ಲ, ಮ್ಯಾನೇಜರ್ ಮಾತೂ ಅಲ್ಲ, ಎರಡನೆಯ ಸರ್ಟಿಫಿಕೇಟ್ ವಾಟ್ಸ್‌ಆ್ಯಪ್‌ನಲ್ಲಿ ಹೋಗಿದೆ ಎಂಬ ಆ ಒಂದು ಸಾಲು. ಕಂಪನಿಯ ದಾಖಲೆಯ ಪ್ರಕಾರ ನಿಮ್ಮ ರಜೆ ಆರು ವಾರಕ್ಕೇ ಮುಗಿದಿದೆ. ಆ ನಂತರದ ದಿನಗಳೆಲ್ಲ ಅಲ್ಲಿ 'ಅನುಮತಿಯಿಲ್ಲದ ಗೈರುಹಾಜರಿ' ಎಂದು ದಾಖಲಾಗುತ್ತಿರಬಹುದು. ಕಾರ್ಮಿಕ ಪ್ರಕರಣಗಳನ್ನು ನಡೆಸುವ ವಕೀಲನಾಗಿ ನಾನು ಕಂಡಂತೆ, ಮಾನಸಿಕ ಕಾಯಿಲೆಯವರ ಕೆಲಸ ಹೋಗುವುದು 'ನಿಮಗೆ ಕಾಯಿಲೆ ಇದೆ' ಎಂಬ ಪತ್ರದಿಂದಲ್ಲ. ಹಾಗೆ ಬರೆಯುವಷ್ಟು ಅಜಾಗರೂಕತೆ ಯಾವ ಕಂಪನಿಗೂ ಇರುವುದಿಲ್ಲ. ಕೆಲಸ ಬಿಟ್ಟುಹೋದರು, ಕೆಲಸ ಸರಿಯಾಗಿ ಮಾಡಲಿಲ್ಲ, ತಾವೇ ರಾಜೀನಾಮೆ ಕೊಟ್ಟರು ಎಂಬ ಮೂರು ಹೆಸರುಗಳಲ್ಲಿ ಒಂದನ್ನು ಅದಕ್ಕೆ ಕೊಡಲಾಗುತ್ತದೆ. ನಿಮ್ಮ ಮುಂದೆ ಈಗ ಅವುಗಳಲ್ಲಿ ಎರಡು ಒಟ್ಟಿಗೇ ಬಂದು ನಿಂತಿವೆ.

ನಿಮ್ಮ ಸ್ನೇಹಿತರ ಮಾತು ಪೂರ್ತಿ ಸುಳ್ಳಲ್ಲ. ಅದರ ಬೇರು ಇಎಸ್‌ಐ ಕಾನೂನಿನಲ್ಲಿದೆ. 1948ರ ಇಎಸ್‌ಐ ಕಾಯ್ದೆಯ 73ನೇ ಸೆಕ್ಷನ್ ಪ್ರಕಾರ, ಅನಾರೋಗ್ಯ ಭತ್ಯೆ ಪಡೆಯುತ್ತಿರುವ ಅಥವಾ ಕಾಯಿಲೆಗೆ ಚಿಕಿತ್ಸೆಯಲ್ಲಿರುವ ನೌಕರನನ್ನು ಆ ಅವಧಿಯಲ್ಲಿ ವಜಾ ಮಾಡುವಂತಿರಲಿಲ್ಲ, ಆಗ ಕೊಟ್ಟ ವಜಾ ನೋಟಿಸಿಗೆ ಬೆಲೆಯೂ ಇರಲಿಲ್ಲ. ಕಾರ್ಖಾನೆಗಳಲ್ಲಿ ದುಡಿದವರ ಮನೆಗಳಲ್ಲಿ ಈ ಮಾತು ಇಂದಿಗೂ ಓಡಾಡುತ್ತಿದೆ. ಆದರೆ ಇಎಸ್‌ಐ ವ್ಯಾಪ್ತಿ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ. ಆರು ವರ್ಷ ಅನುಭವದ ಟೆಸ್ಟಿಂಗ್ ಎಂಜಿನಿಯರ್ ಅದರಿಂದ ಹೊರಗೇ ಇರುತ್ತಾರೆ. ಜೊತೆಗೆ ಆ ರಕ್ಷಣೆಯೂ ಅಭೇದ್ಯವಾಗಿರಲಿಲ್ಲ. ರಜೆಯಿಲ್ಲದೆ ಎಂಟು ದಿನ ಸತತ ಗೈರಾದವರು ಕೆಲಸ ಬಿಟ್ಟಂತೆ ಎಂಬ ಸ್ಥಾಯಿ ಆದೇಶದಡಿ, ಅಂದರೆ ಸಂಸ್ಥೆಯ ಸೇವಾ ನಿಯಮದಡಿ, ಕೆಲಸ ಕಳೆದುಕೊಂಡವರಿಗೆ 73ನೇ ಸೆಕ್ಷನ್ ನೆರವಾಗದು ಎಂದು ಸುಪ್ರೀಂ ಕೋರ್ಟ್ ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಮಿಲ್ ಪ್ರಕರಣದಲ್ಲಿ ಅಂದೇ ಹೇಳಿತ್ತು. ಅಂದರೆ ಕಾಯಿಲೆಯ ನೆಪದಲ್ಲಿ ತೆಗೆಯುವುದಕ್ಕೆ ಇದ್ದ ತಡೆ, ಗೈರುಹಾಜರಿಯ ಹೆಸರಿನಲ್ಲಿ ತೆಗೆಯುವುದಕ್ಕೆ ಇರಲಿಲ್ಲ.

ಇನ್ನೊಂದು ವಿಷಯ ಕಹಿಯಾದರೂ ಹೇಳಬೇಕು. ವೈದ್ಯರ ಸರ್ಟಿಫಿಕೇಟ್ ಬೇರೆ, ಮಂಜೂರಾದ ರಜೆ ಬೇರೆ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಕಾಯಿಲೆಗೆಂದು ವರ್ಷಕ್ಕೆ ಕೊಡುವುದು ಹನ್ನೆರಡು ದಿನಗಳ ಸಂಬಳಸಹಿತ ರಜೆ, ಅದರ ಮೇಲೆ ಗಳಿಕೆ ರಜೆ. ಅದಕ್ಕಿಂತ ಉದ್ದನೆಯ ರಜೆ ಕಂಪನಿಯ ನೀತಿ ಮತ್ತು ಒಪ್ಪಿಗೆಯ ಮೇಲೆ ನಿಂತಿದೆ. ಹನ್ನೆರಡು ವಾರ ರಜೆ ನನ್ನ ಹಕ್ಕು ಎಂದು ವಾದಿಸುವುದಕ್ಕಿಂತ, 'ನನ್ನ ಗೈರುಹಾಜರಿಗೆ ಕಾರಣ ಇದೆ, ಅದು ನಿಮಗೆ ಗೊತ್ತಿದೆ, ಅದಕ್ಕೆ ದಾಖಲೆಯೂ ಇದೆ' ಎಂದು ವಾದಿಸುವುದೇ ಗಟ್ಟಿ.

ಅಣ್ಣನ ಮಾತಿಗೂ ಬರೋಣ. ಖಾಸಗಿ ಕಂಪನಿ ನೋಟಿಸ್ ಕೊಟ್ಟು ಕಾರಣ ಹೇಳದೆ ಯಾರನ್ನಾದರೂ ತೆಗೆಯಬಹುದು ಎಂಬುದು ನೇಮಕಾತಿ ಪತ್ರದ ಭಾಷೆ, ಕಾನೂನಿನದ್ದಲ್ಲ. ಅದೇ 1961ರ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ, ಆರು ತಿಂಗಳ ಸತತ ಸೇವೆ ಮುಗಿಸಿದವರನ್ನು ತೆಗೆಯಲು ಎರಡೂ ಬೇಕು: ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ, ಜೊತೆಗೆ ಸಮಂಜಸವಾದ ಕಾರಣ. ನೋಟಿಸ್ ಸಂಬಳವನ್ನು ಖಾತೆಗೆ ಹಾಕಿದ ಮಾತ್ರಕ್ಕೆ ಕಾರಣ ಕೊಡುವ ಹೊಣೆ ತಪ್ಪುವುದಿಲ್ಲ. ಕಾರಣ ಸರಿಯಲ್ಲ ಎನಿಸಿದರೆ ನೌಕರರು ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಆಡಳಿತದ ಸ್ಥಾನದಲ್ಲಿರುವವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಆದರೆ ಹುದ್ದೆಯ ಹೆಸರಿನಲ್ಲಿ 'ಲೀಡ್' ಎಂದೋ 'ಮ್ಯಾನೇಜರ್' ಎಂದೋ ಇದ್ದರೆ ಸಾಲದು, ಮಾಡುವ ಕೆಲಸ ಏನು ಎಂಬುದು ಮುಖ್ಯ. ನೀವು ಟೆಸ್ಟಿಂಗ್ ಮಾಡುತ್ತೀರಿ, ಯಾರ ರಜೆಯನ್ನೂ ಮಂಜೂರು ಮಾಡುವುದಿಲ್ಲ, ಯಾರನ್ನೂ ನೇಮಿಸುವುದಿಲ್ಲ ಎಂದಾದರೆ ನೀವು ತಾಂತ್ರಿಕ ಕೆಲಸದವರು. ಈ ವ್ಯತ್ಯಾಸ ಮುಂದೆಯೂ ಉಪಯೋಗಕ್ಕೆ ಬರುತ್ತದೆ. 2025ರ ನವೆಂಬರ್ 21ರಂದು ಹಳೆಯ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ತಾಂತ್ರಿಕ ಕೆಲಸ ಮಾಡುವವರು ಕಾರ್ಮಿಕರ ವ್ಯಾಖ್ಯೆಯೊಳಗೇ ಬರುತ್ತಾರೆ.

ಈಗ ಆ 'ಕೆಲಸ ಬಿಟ್ಟುಹೋದಂತೆ' ಎಂಬ ವಾಕ್ಯವನ್ನು ನೋಡೋಣ. ಕೆಲಸ ಬಿಟ್ಟರು ಎನ್ನಬೇಕಾದರೆ ಬಿಡುವ ಉದ್ದೇಶ ಇರಬೇಕು. ವೈದ್ಯರ ಪತ್ರ ಕಳಿಸಿ, ಇಂಥ ದಿನದವರೆಗೆ ಬರಲಾಗುವುದಿಲ್ಲ ಎಂದು ತಿಳಿಸಿದವರಿಗೆ ಆ ಉದ್ದೇಶ ಇತ್ತು ಎನ್ನುವುದು ಕಷ್ಟ. ಇಂತಿಷ್ಟು ದಿನ ಗೈರಾದರೆ ಕೆಲಸ ತಾನಾಗಿಯೇ ಹೋಗುತ್ತದೆ ಎಂಬ ನಿಯಮವನ್ನು ಸುಪ್ರೀಂ ಕೋರ್ಟ್ 1993ರ ಡಿ.ಕೆ. ಯಾದವ್ ಪ್ರಕರಣದಲ್ಲಿ ಪರಿಶೀಲಿಸಿತು. ಎಂಟು ದಿನಕ್ಕಿಂತ ಹೆಚ್ಚು ಗೈರಾದರು ಎಂದು ಅವರನ್ನು ತೆಗೆದಿದ್ದರು. ತಾವು ಬಂದರೂ ಗೇಟಿನಲ್ಲೇ ತಡೆದರು ಎಂಬುದು ಅವರ ವಾದ. ನಿಯಮ ಏನೇ ಇರಲಿ, ವಿವರಣೆ ಕೇಳದೆ, ವಿಚಾರಣೆ ನಡೆಸದೆ ಜೀವನೋಪಾಯವನ್ನು ಕಸಿಯುವಂತಿಲ್ಲ ಎಂದ ನ್ಯಾಯಾಲಯ, ಅರ್ಧದಷ್ಟು ಹಿಂಬಾಕಿ ಸಂಬಳದೊಂದಿಗೆ ಅವರನ್ನು ಮರಳಿ ಕೆಲಸಕ್ಕೆ ಸೇರಿಸಲು ಆದೇಶಿಸಿತು. ನಿಮಗೆ ಬಂದಿರುವ ಇಮೇಲ್ ಬಹುಶಃ ಈ ತೀರ್ಪಿನ ಕಾರಣದಿಂದಲೇ ಬಂದದ್ದು. 'ನಾವು ಅವಕಾಶ ಕೊಟ್ಟಿದ್ದೆವು' ಎಂದು ತೋರಿಸಲು ಕಂಪನಿಗೆ ಅದು ಬೇಕು. ನೀವು ಸುಮ್ಮನಿದ್ದರೆ ಅವರ ಕಡತ ಪೂರ್ತಿಯಾಗುತ್ತದೆ. ಉತ್ತರಿಸಿದರೆ ಅದೇ ಕಡತದಲ್ಲಿ ನಿಮ್ಮ ಕಾಯಿಲೆಯ ದಾಖಲೆಯೂ ಸೇರುತ್ತದೆ. ನಿರ್ಧಾರ ತೆಗೆದುಕೊಳ್ಳುವ ಮೊದಲೇ ಕಾಯಿಲೆಯ ವಿಷಯ ಅವರಿಗೆ ಗೊತ್ತಿತ್ತು ಎಂಬುದು ಅಲ್ಲಿಂದಾಚೆಗೆ ನಿಮ್ಮ ಪ್ರಕರಣದ ಬೆನ್ನೆಲುಬು.

ಉತ್ತರ ಉದ್ದವಾಗಿರಬೇಕಿಲ್ಲ. ಖಿನ್ನತೆಯಲ್ಲಿ ಹತ್ತು ಸಾಲು ಬರೆಯುವುದೂ ಬೆಟ್ಟ ಹತ್ತಿದಂತೆ ಎಂಬುದು ನನಗೆ ಗೊತ್ತು, ಹಾಗಾಗಿ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಸಿ. ಹೀಗಿದ್ದರೆ ಸಾಕು: "ನಿಮ್ಮ ಇಂಥ ತಾರೀಕಿನ ಇಮೇಲ್ ತಲುಪಿದೆ. ನಾನು ಕೆಲಸ ಬಿಟ್ಟಿಲ್ಲ, ಬಿಡುವ ಉದ್ದೇಶವೂ ಇಲ್ಲ. ಇಂಥ ದಿನದಿಂದ ಮನೋವೈದ್ಯರ ಚಿಕಿತ್ಸೆಯಲ್ಲಿದ್ದೇನೆ. ಮೊದಲ ಸರ್ಟಿಫಿಕೇಟನ್ನು ಪೋರ್ಟಲ್‌ನಲ್ಲಿ ಹಾಕಿದ್ದೆ. ಎರಡನೆಯದನ್ನು ಇಂಥ ದಿನ ನನ್ನ ಮ್ಯಾನೇಜರಿಗೆ ಕಳಿಸಿದ್ದೆ, ಈಗ ಮತ್ತೆ ಲಗತ್ತಿಸಿದ್ದೇನೆ. ಈ ಅವಧಿಯನ್ನು ವೈದ್ಯಕೀಯ ರಜೆಯೆಂದು, ರಜೆ ಉಳಿದಿಲ್ಲದಿದ್ದರೆ ಸಂಬಳರಹಿತ ರಜೆಯೆಂದು ಪರಿಗಣಿಸಬೇಕು. ಮುಂದಿನ ತಪಾಸಣೆ ಇಂಥ ದಿನ ಇದೆ. ಅದಾದ ಮೇಲೆ ಕೆಲಸಕ್ಕೆ ಮರಳುವ ದಿನ ಮತ್ತು ಆಗ ಬೇಕಾಗುವ ಹೊಂದಾಣಿಕೆಗಳ ಬಗ್ಗೆ ತಿಳಿಸುತ್ತೇನೆ." ಮ್ಯಾನೇಜರ್ ಮೇಲಿನ ದೂರು, ಹಳೆಯ ಕಿರುಕುಳದ ಕಥೆ, ವಕೀಲರ ಹೆಸರು ಯಾವುದೂ ಇದರಲ್ಲಿ ಬೇಡ. ಕಂಪನಿಯ ಇಮೇಲ್ ಖಾತೆಯಿಂದ ಕಳಿಸಿದರೂ ನಿಮ್ಮ ಸ್ವಂತ ಇಮೇಲಿಗೆ ಪ್ರತಿ ಇಟ್ಟುಕೊಳ್ಳಿ. ಕೆಲಸದಿಂದ ತೆಗೆದರೆ ಕಂಪನಿಯ ಖಾತೆ ಆ ದಿನವೇ ಮುಚ್ಚಿಹೋಗಬಹುದು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರ ಸ್ಕ್ರೀನ್‌ಶಾಟ್ ಕೂಡ, ತಾರೀಕು ಕಾಣುವಂತೆ, ಜೋಪಾನವಾಗಿರಲಿ.

ಸರ್ಟಿಫಿಕೇಟಿನ ಒಕ್ಕಣೆಯನ್ನೂ ಒಮ್ಮೆ ನೋಡಿ. 'ವಿಶ್ರಾಂತಿ ಸೂಚಿಸಲಾಗಿದೆ' ಎಂಬುದು ದುರ್ಬಲ ವಾಕ್ಯ. ವಿಶ್ರಾಂತಿ ಸಲಹೆ ಮಾತ್ರ, ಕೆಲಸ ಮಾಡಲಾಗದು ಎಂದು ವೈದ್ಯರು ಹೇಳಿಲ್ಲ ಎಂದು ಎದುರು ವಕೀಲರು ಎಳೆಯುತ್ತಾರೆ. 'ಇಂಥ ದಿನದಿಂದ ಇಂಥ ದಿನದವರೆಗೆ ಕರ್ತವ್ಯಕ್ಕೆ ಹಾಜರಾಗಲು ವೈದ್ಯಕೀಯವಾಗಿ ಅಸಮರ್ಥರು' ಎಂದು, ಮುಂದಿನ ತಪಾಸಣೆಯ ದಿನ ಮತ್ತು ವೈದ್ಯರ ನೋಂದಣಿ ಸಂಖ್ಯೆಯೊಂದಿಗೆ ಬರೆದುಕೊಡುವಂತೆ ಕೇಳಿ. ಕಂಪನಿ ತನ್ನ ವೈದ್ಯರಿಂದ ತಪಾಸಣೆ ಮಾಡಿಸಿಕೊಳ್ಳಿ ಎಂದರೆ ಕಡ್ಡಿ ಮುರಿದಂತೆ ನಿರಾಕರಿಸಬೇಡಿ. ಆ ವೈದ್ಯರು ಮನೋವೈದ್ಯರಾಗಿರಲಿ, ವರದಿಯಲ್ಲಿ ಕೆಲಸ ಮಾಡಲು ಶಕ್ತರೋ ಅಲ್ಲವೋ ಎಂಬುದಷ್ಟೇ ಇರಲಿ ಎಂದು ಕೇಳುವುದು ನ್ಯಾಯವಾದ ಬೇಡಿಕೆ.

ಕಾಯಿಲೆಯ ಹೆಸರು ಹೇಳಬೇಕೇ ಎಂಬ ನಿಮ್ಮ ಪ್ರಶ್ನೆಗೆ ಒಂದೇ ಪದದ ಉತ್ತರವಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ನಿಮ್ಮ ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುತ್ತದೆ. ಎಚ್‌ಆರ್‌ನವರು ನೇರವಾಗಿ ಆಸ್ಪತ್ರೆಗೆ ಫೋನ್ ಮಾಡಿದರೆ ವೈದ್ಯರು ನಿಮ್ಮ ಒಪ್ಪಿಗೆಯಿಲ್ಲದೆ ಏನನ್ನೂ ಹೇಳುವಂತಿಲ್ಲ. ಆದರೆ ಪೂರ್ತಿ ಮುಚ್ಚಿಟ್ಟರೆ ಇನ್ನೊಂದು ತೊಂದರೆ ಇದೆ. ತಾರತಮ್ಯದ ವಿರುದ್ಧ ಕಾನೂನಿನ ರಕ್ಷಣೆ ಕೇಳಬೇಕಾದರೆ ಕಂಪನಿಗೆ ಕಾಯಿಲೆಯ ಸ್ವರೂಪವಾದರೂ ತಿಳಿದಿರಬೇಕು. 'ಅನಾರೋಗ್ಯ' ಎಂದಷ್ಟೇ ಬರೆದು ಆರು ತಿಂಗಳ ನಂತರ ಖಿನ್ನತೆಯ ಕಾರಣಕ್ಕೆ ತೆಗೆದರು ಎಂದರೆ, ನಮಗೆ ಗೊತ್ತೇ ಇರಲಿಲ್ಲ ಎಂಬ ಉತ್ತರ ಬರುತ್ತದೆ. ನನ್ನ ಸಲಹೆ ಇಷ್ಟು: ಎಚ್‌ಆರ್‌ಗೆ ಮಾತ್ರ, ಬರಹದಲ್ಲಿ, ಮನೋವೈದ್ಯರ ಚಿಕಿತ್ಸೆಯಲ್ಲಿದ್ದೇನೆ ಎಂದು ತಿಳಿಸಿ. ಔಷಧಿಗಳ ಚೀಟಿ, ಆಪ್ತಸಮಾಲೋಚನೆಯ ಟಿಪ್ಪಣಿ, ಮನೆಯ ಕಷ್ಟಗಳ ವಿವರ ಕೊಡಬೇಡಿ. ತಂಡದವರಿಗೆ ಹೇಳುವುದು ಬಿಡುವುದು ನಿಮ್ಮಿಷ್ಟ.

ಆ ರಕ್ಷಣೆ ಬರುವುದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಿಂದ. 'ನಾನು ಅಂಗವಿಕಲೆ ಅಲ್ಲವಲ್ಲ' ಎಂದು ಅನೇಕರು ಇಲ್ಲಿ ಹಿಂಜರಿಯುತ್ತಾರೆ. ಕಾಯ್ದೆಯ ಅನುಸೂಚಿಯಲ್ಲಿ ಮಾನಸಿಕ ಅಸ್ವಸ್ಥತೆಯೂ ಇದೆ. ಶೇಕಡಾ 40ರ ಪ್ರಮಾಣಪತ್ರ ಬೇಕಾಗುವುದು ಉದ್ಯೋಗ ಮೀಸಲಾತಿಯಂಥ ಸೌಲಭ್ಯಗಳಿಗೆ. ತಾರತಮ್ಯ ಮಾಡಬಾರದು ಎನ್ನುವ 3ನೇ ಸೆಕ್ಷನ್ ಆ ಅಂಕಿಯನ್ನು ಕೇಳುವುದಿಲ್ಲ. ಅದು ಕೇಳುವುದು ದೀರ್ಘಕಾಲದ ತೊಂದರೆಯನ್ನು. ನಿಮ್ಮ ವಿಷಯದಲ್ಲಿ ವಾದ ನಡೆಯುವುದು ಇಲ್ಲೇ. ಮೊದಲ ಬಾರಿಗೆ ಬಂದ ಮೂರು ತಿಂಗಳ ಖಿನ್ನತೆಯನ್ನು ದೀರ್ಘಕಾಲದ್ದು ಎನ್ನಬಹುದೇ ಎಂದು ಕಂಪನಿ ಕೇಳುತ್ತದೆ. ಹಿಂದೆಯೂ ಚಿಕಿತ್ಸೆ ಪಡೆದಿದ್ದರೆ, ಕಾಯಿಲೆ ಮರುಕಳಿಸುವ ಸ್ವರೂಪದ್ದು ಎಂದು ವೈದ್ಯರು ಹೇಳಿದ್ದರೆ ನಿಮ್ಮ ಪಕ್ಷ ಬಲವಾಗುತ್ತದೆ. ಇಲ್ಲದಿದ್ದರೆ ಈ ಕಾಯ್ದೆಯೊಂದನ್ನೇ ನೆಚ್ಚಿಕೊಳ್ಳಬೇಡಿ, 39ನೇ ಸೆಕ್ಷನ್ನನ್ನೂ ಹಿಡಿದುಕೊಳ್ಳಿ.

ಈ ಕಾಯ್ದೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ರವೀಂದರ್ ಕುಮಾರ್ ಧಾರಿವಾಲ್ ಪ್ರಕರಣ ನೋಡಬೇಕು. ಅವರು 2001ರಲ್ಲಿ ಸಿಆರ್‌ಪಿಎಫ್ ಸೇರಿದ ಅಧಿಕಾರಿ. 2009ರಿಂದ ಗೀಳು ಕಾಯಿಲೆ ಮತ್ತು ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದರು. ಮರುವರ್ಷ, ಕೊಲ್ಲಬೇಕು ಇಲ್ಲವೇ ಸಾಯಬೇಕು ಎಂಬ ಯೋಚನೆ ತಮ್ಮನ್ನು ಕಾಡುತ್ತಿದೆ ಎಂದು ಹೇಳಿದರೆಂಬ ದೂರಿನಿಂದ ಅವರ ಮೇಲೆ ಶಿಸ್ತುಕ್ರಮ ಶುರುವಾಯಿತು. ಇದು ಕಾಯಿಲೆಗೆ ಕೊಟ್ಟ ಶಿಕ್ಷೆಯಲ್ಲ, ನಡತೆಗೆ ಕೊಡುತ್ತಿರುವುದು ಎಂಬುದು ಸರ್ಕಾರದ ನಿಲುವು. 2021ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಶಿಸ್ತುಕ್ರಮಕ್ಕೆ ಕಾರಣವಾದ ನಡತೆಯ ಹಿಂದೆ ಮಾನಸಿಕ ಅಸ್ವಸ್ಥತೆಯೊಂದೇ ಇರಬೇಕಾಗಿಲ್ಲ, ಅದು ಕಾರಣಗಳಲ್ಲಿ ಒಂದಾಗಿದ್ದರೂ ಆ ಶಿಸ್ತುಕ್ರಮ ತಾರತಮ್ಯವಾಗುತ್ತದೆ ಎಂದಿತು. ಮಾನಸಿಕ ಕಾಯಿಲೆಯವರಿಗೆ ಇದಕ್ಕಿಂತ ಉಪಯುಕ್ತವಾದ ಸಾಲು ನಮ್ಮ ಸೇವಾ ಕಾನೂನಿನಲ್ಲಿ ವಿರಳ. ತಡವಾಗಿ ಲಾಗಿನ್ ಆಗುವುದು, ಇಮೇಲಿಗೆ ಉತ್ತರಿಸದಿರುವುದು, ಸಭೆಯಲ್ಲಿ ಮೌನವಾಗಿರುವುದು ಇವೆಲ್ಲ ಹೊರಗಿನವರಿಗೆ ನಡತೆಯ ದೋಷಗಳಾಗಿಯೇ ಕಾಣುತ್ತವೆ.

ಒಂದು ಗಡಿಯನ್ನು ಮರೆಯಬಾರದು. ಧಾರಿವಾಲ್ ಸರ್ಕಾರಿ ಸೇವೆಯಲ್ಲಿದ್ದವರು. ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದವರನ್ನು ತೆಗೆಯುವಂತಿಲ್ಲ, ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು, ಹುದ್ದೆ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯನ್ನೇ ಸೃಷ್ಟಿಸಬೇಕು ಎನ್ನುವ 20(4)ನೇ ಸೆಕ್ಷನ್ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಈ ಪುಟ ಓದುತ್ತಿರುವ ಕೆಎಸ್‌ಆರ್‌ಟಿಸಿ ನಿರ್ವಾಹಕರಿಗೋ ಸರ್ಕಾರಿ ಶಾಲೆಯ ಶಿಕ್ಷಕರಿಗೋ ಇದು ದೊಡ್ಡ ಆಸರೆ. ನಿಮಗೆ ಅಷ್ಟು ಗಟ್ಟಿಯಾದ ನೆಲ ಇಲ್ಲ. ತಾರತಮ್ಯದ ತತ್ವವನ್ನು ಖಾಸಗಿ ಕಂಪನಿಯ ಮುಂದೆಯೂ ಇಡಬಹುದು, ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕೆಂಬ ನಿಯಮ ಖಾಸಗಿ ಸಂಸ್ಥೆಗಳಿಗೂ ಇದೆ. ನಿಮ್ಮ ಕಂಪನಿಯ ಆ ನೀತಿಯನ್ನು ಹುಡುಕಿ ಓದಿ, ಅದರದ್ದೇ ವಾಕ್ಯವನ್ನು ಅದರ ಮುಂದಿಡುವುದು ಚೆನ್ನಾಗಿ ಕೆಲಸ ಮಾಡುತ್ತದೆ.

ಹಾಗಾದರೆ ನಿಮ್ಮನ್ನು ಕಾನೂನುಬದ್ಧವಾಗಿ ತೆಗೆಯುವುದು ಸಾಧ್ಯವೇ ಇಲ್ಲವೇ? ಸಾಧ್ಯವಿದೆ. ತಿಂಗಳುಗಟ್ಟಲೆ ಕಳೆದರೂ ಮರಳುವ ಸೂಚನೆ ಕಾಣದೆ, ಕಂಪನಿ ವೈದ್ಯರ ಅಭಿಪ್ರಾಯ ಕೇಳಿ, ಹಗುರ ಕೆಲಸವನ್ನೋ ಕಡಿಮೆ ಗಂಟೆಗಳನ್ನೋ ಪ್ರಾಮಾಣಿಕವಾಗಿ ಯೋಚಿಸಿ, ಯಾವುದೂ ಆಗದೆ ನೋಟಿಸ್ ಕೊಟ್ಟರೆ ಅದನ್ನು ಸಮಂಜಸ ಕಾರಣ ಎಂದು ಒಪ್ಪುವ ಸಾಧ್ಯತೆ ಇದೆ. ನಿಮ್ಮ ಇಡೀ ಪ್ರಾಜೆಕ್ಟ್ ಮುಚ್ಚಿ ಎಲ್ಲರ ಹುದ್ದೆಯೂ ಹೋದರೆ, ರಜೆಯಲ್ಲಿದ್ದೀರಿ ಎಂಬುದು ನಿಮ್ಮೊಬ್ಬರನ್ನು ಉಳಿಸುವುದಿಲ್ಲ. ಇದು ನಿಜವಾದ ಕಾರಣವೋ ನೆಪವೋ ಎಂದು ತಿಳಿಯುವುದು ತಾರೀಕುಗಳಿಂದ. ಐದು ವರ್ಷ ಒಳ್ಳೆಯ ರೇಟಿಂಗ್ ಬಂದು, ರಜೆ ಶುರುವಾದ ಮೇಲಷ್ಟೇ 'ಕಾರ್ಯಕ್ಷಮತೆ ಸಾಲದು' ಎಂಬ ಟಿಪ್ಪಣಿ ಹುಟ್ಟಿದ್ದರೆ, ಅಥವಾ ಹುದ್ದೆಯೇ ಇಲ್ಲ ಎಂದು ನಿಮಗೆ ಹೇಳಿ ಮುಂದಿನ ತಿಂಗಳು ಅದೇ ಹುದ್ದೆಗೆ ಜಾಹೀರಾತು ಹಾಕಿದ್ದರೆ, ಆ ಜಾಹೀರಾತಿನ ಪ್ರತಿಯನ್ನು ತೆಗೆದಿಡಿ.

ರಾಜೀನಾಮೆಯ ಆಮಿಷದ ಬಗ್ಗೆ ನನ್ನ ಅಭಿಪ್ರಾಯ ಖಚಿತ: ರಜೆಯಲ್ಲಿರುವಾಗ ಅದನ್ನು ಕೊಡಬೇಡಿ. ರಾಜೀನಾಮೆ ಕೊಟ್ಟ ಕ್ಷಣದಿಂದ ಇದು ವಜಾ ಅಲ್ಲ, 39ನೇ ಸೆಕ್ಷನ್ನಿನ ಬಾಗಿಲು ಮುಚ್ಚುತ್ತದೆ, ಒತ್ತಡದಿಂದ ಬರೆಸಿಕೊಂಡರು ಎಂದು ಸಾಬೀತುಪಡಿಸುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಕಂಪನಿಯ ಗುಂಪು ವಿಮೆಯೂ ಸಾಮಾನ್ಯವಾಗಿ ಕೊನೆಯ ದಿನಕ್ಕೇ ನಿಲ್ಲುತ್ತದೆ, ಅದೂ ಚಿಕಿತ್ಸೆಯ ನಡುವೆ. ಈಗಾಗಲೇ ಬಾಯಿಮಾತಿನಲ್ಲಿ ಒಪ್ಪಿದ್ದರೂ ಗಾಬರಿ ಬೇಡ. ಬರಹದಲ್ಲಿ ಕೊಟ್ಟ ರಾಜೀನಾಮೆಯನ್ನೂ ಅಂಗೀಕಾರಕ್ಕೆ ಮುನ್ನ ಸಾಮಾನ್ಯವಾಗಿ ಹಿಂತೆಗೆದುಕೊಳ್ಳಬಹುದು, ತಕ್ಷಣ ಇಮೇಲ್ ಮಾಡಬೇಕು ಅಷ್ಟೇ. ಹಾಗೆಂದು ಆ ಕೆಲಸದಲ್ಲೇ ಉಳಿಯಬೇಕು ಎಂದು ನಾನು ಹೇಳುತ್ತಿಲ್ಲ. ಆ ಜಾಗವೇ ನಿಮ್ಮ ಕಾಯಿಲೆಯನ್ನು ಹೆಚ್ಚಿಸುತ್ತಿದೆ ಎಂದು ವೈದ್ಯರಿಗೂ ಅನ್ನಿಸಿದರೆ ಹೊರಬರುವುದು ಒಳ್ಳೆಯ ನಿರ್ಧಾರವೇ. ಆದರೆ ಅದು ಫೋನಿನಲ್ಲಿ ಮುಗಿಯುವ ಮಾತಲ್ಲ. ಎಷ್ಟು ತಿಂಗಳ ಸಂಬಳ, ಆರು ವರ್ಷದ ಗ್ರಾಚ್ಯುಟಿ, ವಿಮೆ ಎಲ್ಲಿಯವರೆಗೆ, ಅನುಭವ ಪತ್ರದಲ್ಲಿ ಕಾಯಿಲೆಯ ಸುಳಿವೂ ಇರಬಾರದು ಎಂಬುದು, ಇವೆಲ್ಲ ಒಂದು ಸಹಿ ಮಾಡಿದ ಪತ್ರದಲ್ಲಿರಬೇಕು. ಗ್ರಾಚ್ಯುಟಿ ಅವರು ಕೊಡುವ ಉಡುಗೊರೆಯಲ್ಲ, ಐದು ವರ್ಷ ದಾಟಿದ ನಿಮಗೆ ಅದು ಹೇಗೂ ಸಲ್ಲಬೇಕಾದದ್ದು. ಅದನ್ನು 'ಪ್ಯಾಕೇಜ್' ಒಳಗೆ ಸೇರಿಸಿ ತೋರಿಸಲು ಬಿಡಬೇಡಿ.

ಮರಳಿ ಹೋಗುವುದೇ ನಿಮ್ಮ ಇಚ್ಛೆಯಾದರೆ, ಹೊಂದಾಣಿಕೆಯನ್ನು ನಿರ್ದಿಷ್ಟವಾಗಿ ಕೇಳಿ. 'ಸಹಕರಿಸಿ' ಎಂದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. ರಾತ್ರಿಯ ಮಾತ್ರೆಯಿಂದ ಬೆಳಗ್ಗೆ ಮಂಪರು ಇದ್ದರೆ ಎಂಟೂವರೆಯ ಸಭೆಯನ್ನು ಹತ್ತೂವರೆಗೆ ಇಡಿ ಎನ್ನಿ. ಮೊದಲ ನಾಲ್ಕು ವಾರ ಅರ್ಧ ದಿನ, ರಾತ್ರಿ ಪಾಳಿಯ ಕರೆಗಳಿಂದ ಮೂರು ತಿಂಗಳ ವಿನಾಯಿತಿ ಎಂದು ವೈದ್ಯರಿಂದಲೇ ಬರೆಸಿ. ಕಂಪನಿಗೆ ವಿಪರೀತ ಹೊರೆಯಾಗದ ಇಂಥ ಬದಲಾವಣೆಯನ್ನು ನಿರಾಕರಿಸುವುದನ್ನು 2016ರ ಕಾಯ್ದೆ ತಾರತಮ್ಯ ಎಂದೇ ಕರೆಯುತ್ತದೆ.

ಇಷ್ಟೆಲ್ಲ ಆದರೂ ವಜಾ ಪತ್ರ ಬಂದರೆ ದಿನ ಎಣಿಸುತ್ತಾ ಕೂರಬೇಡಿ. 39ನೇ ಸೆಕ್ಷನ್ನಿನ ಮೇಲ್ಮನವಿಗೆ ಕಾಲಾವಕಾಶ ಕಡಿಮೆ. ಕಾರ್ಮಿಕ ಇಲಾಖೆಯ ಸಂಧಾನದ ದಾರಿಯೂ ಇದೆ, ಎರಡರಲ್ಲಿ ಯಾವುದು ಎಂಬುದನ್ನು ಪತ್ರದ ಒಕ್ಕಣೆ ನೋಡಿ ವಕೀಲರೊಂದಿಗೆ ನಿರ್ಧರಿಸಿ. ಕರ್ನಾಟಕದ ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳಿಂದ ವಿನಾಯಿತಿ ಕೊಟ್ಟಾಗ ಸರ್ಕಾರ ವಿಧಿಸಿದ ಷರತ್ತುಗಳಲ್ಲಿ, ಕುಂದುಕೊರತೆ ಸಮಿತಿ ಇರಬೇಕು ಮತ್ತು ವಜಾ ಮಾಡಿದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬುದೂ ಸೇರಿತ್ತು. ಸಮಿತಿಗೆ ದೂರು ಕೊಟ್ಟ ಪ್ರತಿ ನಿಮ್ಮ ಬಳಿ ಇದ್ದರೆ, ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ನಿಮ್ಮ ಮಾತಿಗೆ ತೂಕ ಬರುತ್ತದೆ. ರಾಜ್ಯ ಅಂಗವಿಕಲರ ಆಯುಕ್ತರಿಗೂ ದೂರು ಕೊಡಬಹುದು. ಅವರು ವಿಚಾರಣೆ ನಡೆಸಿ ಶಿಫಾರಸು ಮಾಡಬಲ್ಲರು, ನ್ಯಾಯಾಲಯದಂತೆ ಮರುನೇಮಕದ ಆದೇಶ ಹೊರಡಿಸಲಾರರು. ಆದರೂ ಅವರ ನೋಟಿಸ್ ಬಂದ ಮೇಲೆ ಮಾತುಕತೆಗೆ ಕೂರುವ ಕಂಪನಿಗಳಿವೆ.

ಸದ್ಯಕ್ಕೆ ಎರಡೇ ಕೆಲಸ: ಇಂದು ಆ ಇಮೇಲ್, ಮುಂದಿನ ತಪಾಸಣೆಯ ದಿನ ಸರಿಯಾದ ಒಕ್ಕಣೆಯ ಸರ್ಟಿಫಿಕೇಟ್. ಅದನ್ನು ಈ ಬಾರಿ ಎಚ್‌ಆರ್ ಇಮೇಲಿಗೂ ರಜೆ ಪೋರ್ಟಲ್‌ಗೂ ಕಳಿಸಿ, ಸ್ವೀಕೃತಿಯ ಪ್ರತಿ ತೆಗೆದಿಟ್ಟುಕೊಳ್ಳಿ.